ವೆಬಿನಾರ್ ಮುಗಿದ ಮೇಲೆ ಮಾತು ಶುರು

ಉಚಿತ ವೆಬಿನಾರ್‌ಗೆ ನೋಂದಾಯಿಸಿಕೊಂಡವರಲ್ಲಿ ಅರ್ಧಕ್ಕರ್ಧ ಮಂದಿ ಬಾರದೇ ಇರುವುದು ಮಾಮೂಲಿ. ದುಡ್ಡು ಕೊಟ್ಟಿಲ್ಲ, ತಪ್ಪಿಸಿಕೊಂಡರೆ ನಷ್ಟವಿಲ್ಲ. ಬಂದವರಿಗೂ ಬಾರದವರಿಗೂ ಒಂದೇ ಧನ್ಯವಾದದ ಸಂದೇಶ ಕಳಿಸಿ ಆಯೋಜಕರು ಸುಮ್ಮನಾಗುತ್ತಾರೆ. ಅದಕ್ಕೆ ಉತ್ತರ ಬರೆಯಲು ಯಾರಿಗೂ ಕಾರಣವಿರುವುದಿಲ್ಲ.

ದಾವಣಗೆರೆಯ ತೆರಿಗೆ ಸಲಹೆಗಾರರೊಬ್ಬರು ಚಿಕ್ಕ ಅಂಗಡಿಯವರಿಗೆ ಜಿಎಸ್‌ಟಿ ಬಗ್ಗೆ ವೆಬಿನಾರ್ ಮಾಡುತ್ತಾರೆ ಎಂದಿಟ್ಟುಕೊಳ್ಳಿ. 2025ರಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಹಾಗಾಗಿ ಅಂಗಡಿಯವರ ಬಳಿ ಪ್ರಶ್ನೆಗಳಿಗೆ ಬರವಿಲ್ಲ. ನೋಂದಣಿ ಫಾರ್ಮಿನಲ್ಲಿ ಹೆಸರು, ಮೊಬೈಲ್ ನಂಬರ್, ವಾಟ್ಸ್‌ಆ್ಯಪ್ ಸಂದೇಶಕ್ಕೆ ಒಪ್ಪಿಗೆ ಪಡೆಯುವುದರ ಜೊತೆಗೆ ಅವರು ಒಂದು ಪ್ರಶ್ನೆಯನ್ನೂ ಇಡಬೇಕು: “ಜಿಎಸ್‌ಟಿ ವಿಷಯದಲ್ಲಿ ಈಗ ನಿಮ್ಮನ್ನು ಕಾಡುತ್ತಿರುವುದೇನು?” ಮುಂದಿನ ಮಾತುಕತೆಗೆಲ್ಲ ಈ ಒಂದು ಸಾಲೇ ಬಂಡವಾಳ.

ಕಾರ್ಯಕ್ರಮ ಮುಗಿದ ಮೇಲೆ ಝೂಮ್‌ನಲ್ಲಿ ಹಾಜರಾತಿ ವರದಿ ಸಿಗುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೊರಟರು ಎಂಬುದು ಅದರಲ್ಲಿರುತ್ತದೆ. ನೆಟ್‌ವರ್ಕ್ ಕಡಿದು ಮತ್ತೆ ಸೇರಿದವರ ಹೆಸರು ಎರಡು ಮೂರು ಸಾಲುಗಳಲ್ಲಿ ಬರಬಹುದು. ಅವನ್ನು ಕೂಡಿಸದೆ ನೋಡಿದರೆ ಕೊನೆಯವರೆಗೂ ಇದ್ದವರು ಬೇಗ ಎದ್ದುಹೋದವರಂತೆ ಕಾಣುತ್ತಾರೆ.

ಕೊನೆಯವರೆಗೆ ಕೂತು ಪ್ರಶ್ನೆ ಕೇಳಿದವರಿಗೆ ಮರುದಿನವೇ ಫೋನ್ ಮಾಡಬೇಕು. ವಾರ ಕಳೆದರೆ ಕೇಳಿದ್ದೇ ಅವರಿಗೆ ಮರೆತಿರುತ್ತದೆ. ನಡುವೆ ಹೋದವರ ಸಮಯವನ್ನು ಒಟ್ಟಿಗೆ ನೋಡಬೇಕು. ಹಲವರು ಒಂದೇ ಹೊತ್ತಿಗೆ ಎದ್ದಿದ್ದರೆ ಆಗ ಏನು ನಡೆಯುತ್ತಿತ್ತು ಎಂದು ರೆಕಾರ್ಡಿಂಗ್ ತೆರೆದು ನೋಡಿ. ಬಹುಶಃ ವಿಷಯ ಬಿಟ್ಟು ತಮ್ಮ ಫೀಸಿನ ಮಾತು ಶುರು ಮಾಡಿರುತ್ತಾರೆ.

ಬಾರದವರಲ್ಲಿ ಆಸಕ್ತಿಯಿಲ್ಲ ಎಂದುಕೊಳ್ಳುವಂತಿಲ್ಲ. ಸಂಜೆ ಏಳು ಗಂಟೆ ಎಂದರೆ ಅಂಗಡಿಯಲ್ಲಿ ವ್ಯಾಪಾರದ ಹೊತ್ತು. “ನೀವು ಮಿಸ್ ಮಾಡಿಕೊಂಡಿರಿ” ಎನ್ನುವ ಬದಲು ಅವರು ಫಾರ್ಮಿನಲ್ಲಿ ಬರೆದದ್ದನ್ನೇ ಎತ್ತಿಕೊಳ್ಳಬಹುದು: “ನಮಸ್ಕಾರ ಸರ್. ಹಾಲು, ತರಕಾರಿ ಮಾರುವವರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಾ ಎಂದು ಕೇಳಿದ್ದಿರಿ. ನಿಮ್ಮಲ್ಲಿ ಅವೆರಡೇ ಇವೆಯಾ, ಬಿಸ್ಕತ್ತು, ಸೋಪು ಕೂಡ ಇಟ್ಟಿದ್ದೀರಾ?” ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ತೆರಿಗೆಯ ಸರಕೂ ಇದ್ದರೆ ಒಟ್ಟು ವಹಿವಾಟಿಗೆ ಹಾಲು, ತರಕಾರಿಯ ಮಾರಾಟವೂ ಸೇರುತ್ತದೆ. ಹೀಗಾಗಿ ಅಂಗಡಿಯವರಿಂದ ತಿಳಿಯದೆ ಸಲಹೆಗಾರರು ಉತ್ತರ ಹೇಳುವಂತೆಯೇ ಇಲ್ಲ. ಅಂಗಡಿಯವರಿಗೋ, ಟೈಪ್ ಮಾಡಬೇಕಾದ್ದು ಒಂದೇ ಸಾಲು. ರೆಕಾರ್ಡಿಂಗ್‌ನ ಲಿಂಕ್ ಆ ಉತ್ತರದ ನಂತರ ಹೋಗಲಿ, ಇವರ ಪ್ರಶ್ನೆಗೆ ಸಂಬಂಧಿಸಿದ ಮಾತು ಎಷ್ಟನೇ ನಿಮಿಷದಲ್ಲಿದೆ ಎಂಬ ಗುರುತಿನೊಂದಿಗೆ.

ಉತ್ತರ ಬಾರದಿದ್ದರೆ ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಕೇಳಿ, ಅಲ್ಲಿಗೆ ನಿಲ್ಲಿಸುವುದು ಮರ್ಯಾದೆ. ವೆಬಿನಾರ್ ಫಲ ಕೊಟ್ಟಿತೇ ಎಂದು ನೋಡಲು ಹಾಜರಾತಿಗಿಂತ, ಎಷ್ಟು ಜನ ತಾವಾಗಿ ಎರಡನೇ ಪ್ರಶ್ನೆ ಕೇಳಿದರು ಎಂದು ಎಣಿಸುವುದು ಮೇಲು.