ಇನ್ನೂ ಹಸಿ ಅನ್ನಿಸುವಾಗಲೇ ಉರಿ ಆರಿಸಿ

ಬ್ರೆಡ್ಡಿನ ಮೇಲೆ ಹಾಕಿದ ಮೊಟ್ಟೆಯ ಸುತ್ತ ಎರಡೇ ನಿಮಿಷದಲ್ಲಿ ತಿಳಿನೀರು ಜಿನುಗುವುದನ್ನು ನೀವು ನೋಡಿರುತ್ತೀರಿ. ಬ್ರೆಡ್ಡು ನೆನೆದು ಮುದ್ದೆಯಾಗುತ್ತದೆ, ಬಾಯಿಗಿಟ್ಟ ಮೊಟ್ಟೆ ಮಾತ್ರ ರಬ್ಬರಿನ ಹಾಗೆ. ಹಾಲು ಜಾಸ್ತಿ ಹಾಕಿದ್ದಕ್ಕೇ ಹೀಗಾಯಿತು ಎಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ಹನಿ ಹಾಲು ಹಾಕದಿದ್ದರೂ ನೀರು ಬರುತ್ತದೆ. ಅದು ಮೊಟ್ಟೆಯದೇ ನೀರು.

ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇದೆ. ಬಿಸಿ ತಾಗಿದಾಗ ಅದರ ಪ್ರೋಟೀನ್ ಎಳೆಗಳು ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಯ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ಮೊಟ್ಟೆ ಮೆತ್ತಗಿರುವುದು ಅದರಿಂದಲೇ. ಬಿಸಿ ಇನ್ನೂ ಏರಿದರೆ ಬಲೆ ಬಿಗಿಯುತ್ತದೆ, ಒದ್ದೆ ಬಟ್ಟೆ ಹಿಂಡಿದಂತೆ ನೀರು ಹೊರಬೀಳುತ್ತದೆ. ಬಿಳಿಭಾಗ 62 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಗಿಯತೊಡಗಿದರೆ, ಹಳದಿ 65 ದಾಟಿದ ಮೇಲೆ. ಎರಡನ್ನೂ ಕದಡಿದ ಮೊಟ್ಟೆ ಸುಮಾರು 73ಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಬಾಣಲೆಯ ಬಿಸಿ ಇದಕ್ಕಿಂತ ಬಹಳ ಮೇಲಿರುತ್ತದೆ. ಉರಿ ಆರಿಸಿದ ಮೇಲೂ ಆ ಬಿಸಿ ಅಲ್ಲೇ ಇರುವುದರಿಂದ ಮೊಟ್ಟೆ ಬೇಯುತ್ತಲೇ ಹೋಗುತ್ತದೆ. ಬೆಂದಿತು ಎಂದು ಕಂಡ ಮೇಲೆ ಇಳಿಸಿದರೆ, ತಟ್ಟೆ ಸೇರುವ ಹೊತ್ತಿಗೆ ಹದ ದಾಟಿರುತ್ತದೆ.

ಮೆತ್ತನೆಯ ಸ್ಕ್ರ್ಯಾಂಬಲ್ಡ್ ಎಗ್ ಒಮ್ಮೆ ಮಾಡಿ ನೋಡೋಣ. ಎರಡು ಮೊಟ್ಟೆಗೆ ಒಂದು ದೊಡ್ಡ ಚಿಟಿಕೆ ಉಪ್ಪು ಹಾಕಿ, ಬಿಳಿ ಎಳೆಗಳು ಕಾಣದಂತೆ ಚೆನ್ನಾಗಿ ಕದಡಿ. ಕಾಲು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಉಪ್ಪು ಬೆರೆತು ನಿಂತ ಮೊಟ್ಟೆ ಬೆಂದಾಗ ಅಷ್ಟಾಗಿ ನೀರು ಬಿಡುವುದಿಲ್ಲ. ಬಾಣಲೆಗೆ ಎರಡು ಟೀ ಚಮಚ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿಡಿ. ಬೆಣ್ಣೆಯಲ್ಲೂ ನೀರಿನಂಶ ಇರುವುದರಿಂದ ಮೊದಲು ನೊರೆಯೆದ್ದು ಚರಚರ ಎನ್ನುತ್ತದೆ. ಬೆಣ್ಣೆ ಕರಗಿ, ನೊರೆ ಆಗತಾನೇ ಏಳುತ್ತಿರುವಾಗಲೇ ಮೊಟ್ಟೆ ಸುರಿಯಿರಿ. ಸುರಿದಾಗ ಸದ್ದು ಬರಬಾರದು. ಬಂದರೆ ಬಾಣಲೆಯನ್ನು ಎತ್ತಿ ಹಿಡಿದು ಸ್ವಲ್ಪ ಆರಲು ಬಿಡಿ.

ಮೊದಲ ಅರೆ ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಅವಸರಕ್ಕೆ ಉರಿ ಏರಿಸಿ ಕೆಡಿಸುವುದು ಇಲ್ಲೇ. ಮರದ ಸೌಟಿನಿಂದ ತಳವನ್ನು ಬಳಿಯುತ್ತಾ ಇದ್ದರೆ, ಸೌಟು ಹೋದ ದಾರಿಯಲ್ಲಿ ತಳ ಕಾಣಿಸಿ ಮತ್ತೆ ಮೊಟ್ಟೆ ಹರಿದು ಮುಚ್ಚಿಕೊಳ್ಳುತ್ತದೆ. ಆ ದಾರಿ ಮುಚ್ಚಿಕೊಳ್ಳಲು ತಡಮಾಡತೊಡಗಿದರೆ ಹದ ಹತ್ತಿರ ಬಂತು ಎಂದರ್ಥ. ಮೆದು ಗಂಟುಗಳು ಕೂಡಿ, ನಡುವೆ ಇನ್ನೂ ತೆಳು ಪಾಯಸದಂಥ ಹಸಿ ಹೊಳೆಯುತ್ತಿರುವಾಗಲೇ ಉರಿ ಆರಿಸಿ. ಒಂದು ಚೂರು ತಣ್ಣನೆಯ ಬೆಣ್ಣೆ ಹಾಕಿ ಇನ್ನೆರಡು ಸಲ ತಿರುವಿ. ಬೆಣ್ಣೆ ಬಿಸಿಯನ್ನು ಇಳಿಸುತ್ತದೆ, ಅದರ ಜಿಡ್ಡು ಎಳೆಗಳ ನಡುವೆ ಸೇರಿ ಅವು ಬಿಗಿಯದಂತೆ ತಡೆಯುತ್ತದೆ. ಉಳಿದ ಬೇಯುವಿಕೆ ತಟ್ಟೆಯಲ್ಲೇ ಮುಗಿಯುತ್ತದೆ.

ಆಮ್ಲೆಟ್ಟಿನ ಲೆಕ್ಕ ಬೇರೆ. ಅದಕ್ಕೆ ತಳದಲ್ಲಿ ಒಂದು ಪದರ ಬೇಗ ಕಟ್ಟಿಕೊಳ್ಳಬೇಕು, ಇಲ್ಲವಾದರೆ ಮಡಿಸಲಾಗದು. ಹಾಗಾಗಿ ಮಧ್ಯಮ ಉರಿ. ಬೆಣ್ಣೆಯ ನೊರೆ ಪೂರ್ತಿ ಇಳಿದು, ಬಣ್ಣ ಇನ್ನೂ ಕೆಂಪಗಾಗದೆ ಇರುವಾಗ ಮೊಟ್ಟೆ ಹಾಕಿ. ಈಗ ಅಂಚು ಸಣ್ಣಗೆ ಚುರ್ ಅನ್ನಬೇಕು. ಬೇಗ ಬೇಗ ಎರಡು ಮೂರು ಸಲ ಕಲಸಿ, ಹರಡಿ, ಬಿಟ್ಟುಬಿಡಿ. ಮೇಲ್ಮೈ ಎಣ್ಣೆ ಸವರಿದಂತೆ ಹೊಳೆಯುತ್ತಾ, ಬಾಣಲೆ ವಾಲಿಸಿದರೂ ಹರಿಯದೆ ನಿಂತರೆ ಮಡಿಸುವ ಹೊತ್ತು.

ನಮ್ಮ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಯ ಆಮ್ಲೆಟ್ಟಿಗೆ ಮೆದು ಹದ ಹೊಂದುವುದಿಲ್ಲ. ಅದು ಗಟ್ಟಿಯಾಗಿ, ತಳ ಕೆಂಪಗಾಗಿದ್ದರೇ ರುಚಿ. ಬೆಣ್ಣೆ ಬೇಗ ಸೀಯುವುದರಿಂದ ಇದಕ್ಕೆ ಎಣ್ಣೆಯೇ ವಾಸಿ. ಕಬ್ಬಿಣದ ಕಾವಲಿಯಾದರೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ. ತಣ್ಣನೆಯ ಕಬ್ಬಿಣಕ್ಕೆ ಮೊಟ್ಟೆ ಹಿಡಿದುಕೊಂಡರೆ ಏಳುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತದೆ, ಆದ್ದರಿಂದ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಕಾವಲಿಗೆ ಹೊಯ್ಯುವ ಮುಂಚೆಯಷ್ಟೇ ಬೆರೆಸಿ. ಅಂಚು ತಾನಾಗಿ ಕಾವಲಿ ಬಿಟ್ಟು, ಮೇಲಿನ ಹೊಳಪು ನಡುವಿನವರೆಗೂ ಮಾಸಿದಾಗ ಮಗುಚಿ. ಇನ್ನೊಂದು ಮಗ್ಗುಲಿಗೆ ಅರೆ ನಿಮಿಷ ಸಾಕು. ಸಟ್ಟುಗದಿಂದ ನಡುವೆ ಒತ್ತಿ ನೋಡಿ, ಹಸಿ ಉಕ್ಕಿ ಬರದಿದ್ದರೆ ಬೆಂದಿದೆ.

ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮಾಡುವಾಗ ಮೆದು ಹದದ ಆಸೆ ಬಿಡಬೇಕು. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅರೆಬೆಂದ ಬಿಸಿಗೆ ಅದು ಸಾಯದೆ ಉಳಿಯಬಹುದು. ಇವರ ಪಾಲಿಗೆ ಎಲ್ಲೂ ಹಸಿ ಹೊಳೆಯದ ಹಾಗೆ, ಸಣ್ಣ ಉರಿಯಲ್ಲೇ ಇನ್ನೊಂದು ನಿಮಿಷ ಬೇಯಿಸಿ. ನಿಧಾನವಾಗಿ ಗಟ್ಟಿಯಾದ ಮೊಟ್ಟೆ ಪೂರ್ತಿ ಬೆಂದರೂ ರಬ್ಬರಾಗುವುದು ಕಡಿಮೆ.