ಫ್ಯೂಡಲಿಸಂಗೆ ಕನ್ನಡದಲ್ಲಿ ನಾಲ್ಕು ಹೆಸರು

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಳ್ಳುವ ಕೆಲಸ ಅಭ್ಯರ್ಥಿಯದೇ, ಅದೂ ಗಡಿಯಾರ ಓಡುತ್ತಿರುವಾಗ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ಈ ಕಷ್ಟ ಹೆಚ್ಚು. ರಸಾಯನಶಾಸ್ತ್ರದಲ್ಲಿ ಆಮ್ಲಜನಕಕ್ಕೆ ಆಕ್ಸಿಜನ್ ಎಂದರೂ ಅದೇ ಅನಿಲ. ಇತಿಹಾಸದಲ್ಲಿ ಹಾಗಲ್ಲ, ಅಲ್ಲಿ ಪಾರಿಭಾಷಿಕ ಪದದ ಹಿಂದೆ ಒಂದು ಜಗಳವೇ ಇರುತ್ತದೆ. ಪದ ಬದಲಾದರೆ ನೀವು ಆ ಜಗಳದಲ್ಲಿ ನಿಂತ ಪಕ್ಷವೂ ಬದಲಾಗಬಹುದು.

ಪ್ರಾಚೀನ ಮತ್ತು ಮಧ್ಯಯುಗದ ಇತಿಹಾಸ ಓದುವವರೆಲ್ಲ ತಯಾರಿ ಮಾಡಿಕೊಳ್ಳುವ ಒಂದು ಪ್ರಶ್ನೆ ಇದೆ: ಭಾರತದಲ್ಲಿ ಫ್ಯೂಡಲಿಸಂ ಇತ್ತೇ? ಇದಕ್ಕೆ ಅವಸರದಲ್ಲಿ ಬರೆದ ಒಂದು ಉತ್ತರದ ಆರಂಭ ಸುಮಾರಾಗಿ ಹೀಗಿರುತ್ತದೆ:

"ಗುಪ್ತರ ಕಾಲದ ನಂತರ ಭಾರತದಲ್ಲಿ ಸಾಮಂತಶಾಹಿ ಬೆಳೆಯಿತು. ಈ ಜಮೀನ್ದಾರಿ ಪದ್ಧತಿಗೆ ಭೂದಾನಗಳೇ ಕಾರಣವೆಂದು ಆರ್.ಎಸ್. ಶರ್ಮ ಹೇಳುತ್ತಾರೆ. ಪಾಳೇಗಾರಿ ವ್ಯವಸ್ಥೆಯಲ್ಲಿ ರೈತರು ಜೀತದಾಳುಗಳಾದರು. ಆದರೆ ಭಾರತದಲ್ಲಿ ಊಳಿಗಮಾನ್ಯ ಪದ್ಧತಿ ಇರಲಿಲ್ಲವೆಂದು ಹರಬನ್ಸ್ ಮುಖಿಯಾ ವಾದಿಸುತ್ತಾರೆ."

ವಾಕ್ಯಗಳು ಸರಳವಾಗಿವೆ, ಕಾಗುಣಿತ ಸರಿಯಿದೆ. ಬರೆದವರಿಗೆ ವಿಷಯ ತಿಳಿದಿದೆ ಎಂಬುದರಲ್ಲೂ ಅನುಮಾನವಿಲ್ಲ. ಆದರೆ ಒಂದೇ ಫ್ಯೂಡಲಿಸಂ ನಾಲ್ಕು ಸಾಲಿನಲ್ಲಿ ನಾಲ್ಕು ಹೆಸರು ಪಡೆದಿದೆ. ಪಠ್ಯದಲ್ಲಿರುವುದನ್ನಷ್ಟೇ ನಂಬಿ ಓದುವವರಿಗೆ ಶರ್ಮರು ಯಾವುದೋ ಒಂದರ ಬಗ್ಗೆ ಮಾತಾಡಿದರು, ಮುಖಿಯಾ ಇನ್ನಾವುದನ್ನೋ ಇಲ್ಲವೆಂದರು ಅನ್ನಿಸುತ್ತದೆ. ಅಲ್ಲಿಗೆ ಇಬ್ಬರ ನಡುವೆ ಭಿನ್ನಾಭಿಪ್ರಾಯವೇ ಇಲ್ಲವಾಯಿತು. ಕೇಳಿದ್ದೇ ಆ ಭಿನ್ನಾಭಿಪ್ರಾಯವನ್ನು.

ಈ ನಾಲ್ಕು ಪದಗಳನ್ನು ಒಂದೊಂದಾಗಿ ನೋಡೋಣ. ಜಮೀನ್ದಾರಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು 1793, ಕಾರ್ನ್‌ವಾಲಿಸ್, ಬಂಗಾಳ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಶಾಸನತಜ್ಞ ಡಿ.ಸಿ. ಸರ್ಕಾರ್ ಅವರು ಶರ್ಮರನ್ನು ವಿರೋಧಿಸಿದ್ದು ಇದೇ ಮಾತಿನ ಮೇಲೆ. ಇಲ್ಲಿದ್ದದ್ದು ಭೂಮಾಲೀಕರು ಮತ್ತು ಗೇಣಿದಾರರ ಸಂಬಂಧವೇ ಹೊರತು ಯುರೋಪಿನ ಫ್ಯೂಡಲಿಸಂ ಅಲ್ಲ ಎಂಬುದು ಅವರ ನಿಲುವು. ಹಾಗಾಗಿ ಶರ್ಮರ ವಾದವನ್ನು ಜಮೀನ್ದಾರಿ ಎಂಬ ಪದದಲ್ಲಿ ಹೇಳಿದರೆ, ಅವರ ಎದುರಾಳಿಯ ಮಾತನ್ನು ಅವರ ಬಾಯಲ್ಲೇ ಇಟ್ಟಂತೆ.

ಪಾಳೇಗಾರಿ ನಮಗೆ ಹತ್ತಿರದ ಪದ, ಚಿತ್ರದುರ್ಗದ ನೆನಪು ತರುವ ಪದ. ನಮ್ಮ ಎಡಪಂಥೀಯ ಬರಹಗಳಲ್ಲೂ ಭಾಷಣಗಳಲ್ಲೂ ಅದು ಫ್ಯೂಡಲ್ ಎಂಬ ಅರ್ಥದಲ್ಲಿ ಧಾರಾಳವಾಗಿ ಬಂದಿದೆ, ಅಲ್ಲಿ ಒಪ್ಪುತ್ತದೆ ಕೂಡ. ಪರೀಕ್ಷೆಯ ಉತ್ತರದಲ್ಲಿ ಮಾತ್ರ ಅದು ಕಾಲವನ್ನು ಕದಡುತ್ತದೆ. ಪಾಳೇಗಾರರು ವಿಜಯನಗರದ ಕಾಲಕ್ಕೂ ಅದರ ಪತನದ ನಂತರದ ಕಾಲಕ್ಕೂ ಸೇರಿದವರು. ಶರ್ಮರು 1965ರಲ್ಲಿ ಪ್ರಕಟಿಸಿದ ಪುಸ್ತಕ ನೋಡುವುದು ಸುಮಾರು ಕ್ರಿ.ಶ. 300ರಿಂದ 1200ರವರೆಗಿನ ಅವಧಿಯನ್ನು.

ಸಾಮಂತಶಾಹಿ ಸಾಕಷ್ಟು ಸಮರ್ಥ ಪದ, ಹಿಂದಿಯ ಸಾಮಂತವಾದಕ್ಕೂ ಹತ್ತಿರ. ಪ್ರಶ್ನೆಪತ್ರಿಕೆಯ ಹಿಂದಿ ಪಾಠದ ಮೇಲೆ ಕಣ್ಣು ಹಾಯಿಸಿದವರು ಇದನ್ನೇ ಬರೆಯುತ್ತಾರೆ. ತೊಂದರೆ ಏನೆಂದರೆ ಇದೇ ಉತ್ತರದಲ್ಲಿ ಸಾಮಂತ ಎಂಬ ಪದ ಬೇರೆ ಕೆಲಸಕ್ಕೆ ಬೇಕು. ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು ಎಂದು ಬರೆಯುವಾಗ ನಾವು ಹೇಳುತ್ತಿರುವುದು ಒಬ್ಬ ಅಧೀನ ಅರಸನ ಬಗ್ಗೆ, ಇಡೀ ಸಮಾಜದ ರಚನೆಯ ಬಗ್ಗೆ ಅಲ್ಲ. ಸಾಮಂತರಿದ್ದರು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಅಷ್ಟರಿಂದಲೇ ಫ್ಯೂಡಲಿಸಂ ಇತ್ತು ಎನ್ನಬಹುದೇ ಎಂಬುದೇ ಚರ್ಚೆ. ಎರಡಕ್ಕೂ ಒಂದೇ ಬೇರಿನ ಪದ ಹಾಕಿದರೆ, ಸಾಮಂತರಿದ್ದರು ಆದ್ದರಿಂದ ಸಾಮಂತಶಾಹಿ ಇತ್ತು ಎಂಬ ತರ್ಕ ಭಾಷೆಯಿಂದಲೇ ಹುಟ್ಟಿಬಿಡುತ್ತದೆ. ಪುರಾವೆ ಕೊಡುವ ಗೋಜೇ ಉಳಿಯುವುದಿಲ್ಲ.

ಉಳಿದದ್ದು ಊಳಿಗಮಾನ್ಯ. ನಮ್ಮ ಶಾಲಾ ಪಠ್ಯಗಳಲ್ಲಿ ನೆಲೆ ನಿಂತ ಪದ ಇದೇ, ಹೀಗಾಗಿ ಕನ್ನಡ ಬಲ್ಲ ಮೌಲ್ಯಮಾಪಕರಿಗೆ ವಿವರಣೆ ಬೇಕಿಲ್ಲ. ನನ್ನ ಆಯ್ಕೆಯೂ ಇದೇ. ಹಾಗೆಂದು ಇದೂ ನಿರ್ದೋಷಿಯಲ್ಲ. ಊಳಿಗಕ್ಕೆ ಪ್ರತಿಯಾಗಿ ಕೊಟ್ಟ ಮಾನ್ಯದ ಭೂಮಿ ಎಂಬ ಅರ್ಥ ಪದದೊಳಗೇ ಇದೆ. ಯುರೋಪಿನಲ್ಲಿ ಪ್ರಭು ತನ್ನ ಅಧೀನನಿಗೆ ಸೈನಿಕ ಸೇವೆಯ ಷರತ್ತಿನ ಮೇಲೆ ಭೂಮಿ ಕೊಡುತ್ತಿದ್ದುದಕ್ಕೆ ಇದು ಸೊಗಸಾಗಿ ಹೊಂದುತ್ತದೆ. ಆದರೆ ಶರ್ಮರು ಮುಖ್ಯವಾಗಿ ಆಧರಿಸಿದ್ದು ಬ್ರಾಹ್ಮಣರಿಗೂ ದೇವಾಲಯಗಳಿಗೂ ಕೊಟ್ಟ ದತ್ತಿಗಳನ್ನು, ಅಗ್ರಹಾರ ಬ್ರಹ್ಮದೇಯಗಳನ್ನು. ಅವುಗಳಿಗೆ ಸೈನಿಕ ಊಳಿಗದ ಷರತ್ತು ಇರಲಿಲ್ಲ. ಇದೇ ಅವರ ಮೇಲೆ ಬಂದ ದೊಡ್ಡ ಆಕ್ಷೇಪವೂ ಹೌದು. ಆದ್ದರಿಂದ ಊಳಿಗಮಾನ್ಯ ಎಂದು ಬರೆದವರು ಒಂದು ಸಾಲು ಸೇರಿಸಬೇಕು: ಇಲ್ಲಿ ಈ ಪದ ಭೂದತ್ತಿಯ ಮೂಲಕ ಕಂದಾಯ ಮತ್ತು ಆಡಳಿತದ ಹಕ್ಕುಗಳು ಮಧ್ಯವರ್ತಿಗಳ ಕೈಸೇರಿ, ರೈತರು ಅವರ ಅಂಕೆಗೆ ಬಂದ ವ್ಯವಸ್ಥೆಯನ್ನು ಸೂಚಿಸುತ್ತದೆ. ಈ ಒಂದು ಸಾಲು ಪದಕ್ಕೆ ಬೇಲಿ ಹಾಕುತ್ತದೆ.

ಭೂದತ್ತಿ ಎಂದದ್ದಕ್ಕೂ ಕಾರಣವಿದೆ. ಭೂದಾನ ಎಂದರೆ 1951ರಲ್ಲಿ ವಿನೋಬಾ ಆರಂಭಿಸಿದ ಚಳವಳಿ ಕಣ್ಮುಂದೆ ಬರುತ್ತದೆ. ಶಾಸನಗಳ ಬಗ್ಗೆ ಬರೆಯುವವರು ಕನ್ನಡದಲ್ಲಿ ಬಹುಕಾಲದಿಂದ ದತ್ತಿ ಎನ್ನುತ್ತಲೇ ಬಂದಿದ್ದಾರೆ, ಕೈಯಲ್ಲಿರುವುದನ್ನು ಬಿಡುವುದೇಕೆ?

ಇಷ್ಟೆಲ್ಲ ಸರಿಹೋದರೂ ಒಂದು ಪದ ಇಡೀ ಉತ್ತರವನ್ನು ಕೆಡಿಸಬಲ್ಲದು, ಅದು ಜೀತದಾಳು. ಇಂಗ್ಲಿಷಿನ ಸರ್ಫ್ ಎಂಬುದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಹಾಕುವ ಪದ ಇದು. ಸರ್ಫ್ ಎಂದರೆ ಪ್ರಭುವಿನ ಜಮೀನಿಗೆ ಕಟ್ಟುಬಿದ್ದು, ಅಲ್ಲಿಂದ ಕದಲುವ ಹಕ್ಕಿಲ್ಲದೆ, ಪ್ರಭುವಿನ ಹೊಲದಲ್ಲಿ ಬಿಟ್ಟಿ ದುಡಿಯುತ್ತಲೇ ತನ್ನ ಪಾಲಿನ ತುಂಡು ನೆಲವನ್ನೂ ಉಳುವ ರೈತ. ನಮ್ಮ ಜೀತದಾಳಿನ ಕಥೆ ಬೇರೆ. ಅವನು ಸಾಲಕ್ಕೆ ಒತ್ತೆ ಬಿದ್ದವನು, ಕಟ್ಟುಬಿದ್ದದ್ದು ಸಾಲ ಕೊಟ್ಟ ಮನೆಗೆ. ಅನೇಕ ಸಲ ಅವನಿಗೆ ಉಳಲು ಸ್ವಂತದ ನೆಲವೇ ಇಲ್ಲ. ಕಾನೂನು ಈ ಪದ್ಧತಿಯನ್ನು ರದ್ದು ಮಾಡಿದ್ದು 1976ರಲ್ಲಿ.

ಈಗ ಮುಖಿಯಾ ಅವರ ವಾದ ನೋಡಿ. 1981ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇಷ್ಟು: ಯುರೋಪಿನ ಫ್ಯೂಡಲಿಸಂ ನಿಂತದ್ದು ರೈತನ ದುಡಿಮೆಯ ಮೇಲೆ ಪ್ರಭುವಿಗಿದ್ದ ಹಿಡಿತದಿಂದ. ಭಾರತದ ರೈತ ತೆರಿಗೆಯ ಭಾರದಿಂದ ನಲುಗಿದ್ದರೂ ಉತ್ಪಾದನೆಯ ಪ್ರಕ್ರಿಯೆ ಅವನ ಕೈಯಲ್ಲೇ ಇತ್ತು. ಆ ಅರ್ಥದಲ್ಲಿ ಅವನು ಸ್ವತಂತ್ರ. ಇದನ್ನೇ ಒಬ್ಬರು "ಭಾರತದಲ್ಲಿ ಜೀತದಾಳುಗಳಿರಲಿಲ್ಲ ಎಂದು ಮುಖಿಯಾ ಹೇಳುತ್ತಾರೆ" ಎಂದು ಬರೆದರೆಂದುಕೊಳ್ಳಿ. ನಮ್ಮ ಹಳ್ಳಿಗಳನ್ನು ಬಲ್ಲ ಯಾರಿಗಾದರೂ ಇದು ಹಸಿ ಸುಳ್ಳಾಗಿ ಕಾಣುತ್ತದೆ. ಒಬ್ಬ ಗಂಭೀರ ಇತಿಹಾಸಕಾರರು ಕಣ್ಣಿಗೆ ಕಾಣುವ ಸತ್ಯವನ್ನೇ ಅಲ್ಲಗಳೆದಂತಾಗುತ್ತದೆ. ಅಭ್ಯರ್ಥಿ ಆ ವಾದವನ್ನು ಓದಿ ಅರ್ಥಮಾಡಿಕೊಂಡಿದ್ದರೂ ಪದ ಅದನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗಿರುತ್ತದೆ. ಇಂಥಲ್ಲಿ ಸರ್ಫ್ ಎಂದೇ ಕನ್ನಡ ಲಿಪಿಯಲ್ಲಿ ಬರೆದು, 'ಪ್ರಭುವಿನ ಜಮೀನಿಗೆ ಕಟ್ಟುಬಿದ್ದ ರೈತ' ಎಂದು ಮೊದಲ ಸಲ ಬಿಡಿಸಿ ಹೇಳುವುದು ಕ್ಷೇಮ. ಜೀತ ಎಂಬ ಪದವನ್ನು ಸಾಲದ ದುಡಿಮೆಗೇ ಕಾದಿರಿಸಬೇಕು.

ಆಯೋಗದ ನಿಯಮವೂ ಇದಕ್ಕೆ ಒಂದಿಷ್ಟು ಅನುಕೂಲ ಮಾಡಿಕೊಟ್ಟಿದೆ. ಪ್ರಾದೇಶಿಕ ಭಾಷೆಯಲ್ಲಿ ಬರೆಯುವವರು ತಾಂತ್ರಿಕ ಪದಗಳ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಬಹುದು. ಆದರೆ ಪದಗಳನ್ನು ಮಾತ್ರ. ಈ ಸೌಲಭ್ಯವನ್ನು ದುರುಪಯೋಗ ಮಾಡಿದರೆ ಅಂಕ ಕಡಿತವಾಗುತ್ತದೆ ಎಂಬ ಎಚ್ಚರಿಕೆಯೂ ಅಧಿಸೂಚನೆಯಲ್ಲಿದೆ. ಪದ ಮೊದಲು ಬಂದ ಕಡೆ ಒಮ್ಮೆ ಆವರಣ ಹಾಕಿ, ಮುಂದೆ ಕನ್ನಡದ ಪದವೊಂದನ್ನೇ ಹಿಡಿದು ಹೋದರೆ ಸಾಕು. 150 ಪದಗಳಲ್ಲಿ ಮುಗಿಸಬೇಕಾದ ಉತ್ತರದಲ್ಲಿ ಆವರಣಗಳೇ ತುಂಬಿಕೊಂಡರೆ ಹೇಳಬೇಕಾದ್ದಕ್ಕೆ ಜಾಗವೇ ಇರುವುದಿಲ್ಲ.

ಮೇಲಿನ ನಾಲ್ಕು ಸಾಲುಗಳನ್ನು ಈ ಲೆಕ್ಕದಲ್ಲಿ ತಿದ್ದಿದರೆ ಹೀಗಾಗುತ್ತದೆ: "ಗುಪ್ತರ ಕಾಲದಿಂದ ಹೆಚ್ಚುತ್ತ ಹೋದ ಭೂದತ್ತಿಗಳು ಭಾರತದಲ್ಲಿ ಊಳಿಗಮಾನ್ಯ ವ್ಯವಸ್ಥೆಯನ್ನು ರೂಪಿಸಿದವು ಎಂಬುದು ಆರ್.ಎಸ್. ಶರ್ಮರ ವಾದ. ದತ್ತಿ ಪಡೆದವರು ಕಂದಾಯದ ಜೊತೆಗೆ ಆಡಳಿತದ ಹಕ್ಕನ್ನೂ ಪಡೆದರು. ರೈತರು ಅವರ ಅಧೀನರಾದರು. ರೈತನ ದುಡಿಮೆಯ ಮೇಲೆ ಪ್ರಭುವಿಗೆ ನೇರ ಹಿಡಿತವಿರದ ಕಡೆ ಊಳಿಗಮಾನ್ಯ ವ್ಯವಸ್ಥೆ ಇತ್ತೆನ್ನಲಾಗದು ಎಂದು ಮುಖಿಯಾ ಇದನ್ನು ಪ್ರಶ್ನಿಸಿದರು." ಈಗ ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿದ್ದಾರೆ. 1985ರಲ್ಲಿ ಶರ್ಮರು ಕೊಟ್ಟ ಉತ್ತರವನ್ನು ಇದರ ಬೆನ್ನಿಗೇ ತರಬಹುದು.

ತಯಾರಿಯ ದಿನಗಳಲ್ಲಿ ಇದನ್ನು ಪರೀಕ್ಷಿಸಿಕೊಳ್ಳುವ ಬಗೆ ಸುಲಭ. ಬರೆದ ಉತ್ತರವನ್ನು ಎರಡು ದಿನ ಬಿಟ್ಟು, ಪ್ರಶ್ನೆಯನ್ನು ಮುಚ್ಚಿಟ್ಟು, ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿ ಅಂಚಿನಲ್ಲಿ ಗುರುತು ಮಾಡಿ. ಒಂದು ಕನ್ನಡ ಪದದ ಎದುರು ಎರಡು ಇಂಗ್ಲಿಷ್ ಪದ ಬಂದರೂ, ಎರಡು ಕನ್ನಡ ಪದಗಳ ಎದುರು ಒಂದೇ ಇಂಗ್ಲಿಷ್ ಪದ ಬಂದರೂ ಅಲ್ಲಿ ಗೊಂದಲವಿದೆ. ನಿಘಂಟು ಇದಕ್ಕೆ ಪರಿಹಾರವಲ್ಲ, ಅದು ಒಂದು ಪದದ ಮುಂದೆ ನಾಲ್ಕಾರು ಅರ್ಥಗಳನ್ನು ಅಲ್ಪವಿರಾಮ ಹಾಕಿ ಕೊಟ್ಟು ಸುಮ್ಮನಾಗುತ್ತದೆ. ಆಯ್ಕೆ ನಿಮ್ಮದೇ. ರಾಷ್ಟ್ರೀಯ ಚಳವಳಿಯ ಉತ್ತರಗಳಲ್ಲಿ ಈ ಪರೀಕ್ಷೆ ಕೂಡಲೇ ಹಿಡಿದುಕೊಡುವ ಜೋಡಿಯೊಂದಿದೆ. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದ ನಂತರ ನಿಂತದ್ದು ಅಸಹಕಾರ ಚಳವಳಿ, 1930ರಲ್ಲಿ ದಂಡಿ ಯಾತ್ರೆಯೊಂದಿಗೆ ಆರಂಭವಾದದ್ದನ್ನು ಕೆಲವರು 'ನಾಗರಿಕ ಅಸಹಕಾರ' ಎನ್ನುತ್ತಾರೆ. ಎರಡನೆಯದನ್ನು ಕಾನೂನು ಭಂಗ ಚಳವಳಿ ಎಂದರೆ ಸಾಕು. ಸರ್ಕಾರಕ್ಕೆ ಸಹಕರಿಸದಿರುವುದಕ್ಕೂ ಉಪ್ಪಿನ ಕಾನೂನನ್ನೇ ಮುರಿಯುವುದಕ್ಕೂ ಇರುವ ದೂರ ಅದರಲ್ಲೇ ಕಾಣುತ್ತದೆ.

ಒಂದೇ ಪದವನ್ನು ಹಿಡಿಯಬೇಕೆಂಬ ಹಟವನ್ನು ಬಿಡಬೇಕಾದ ಜಾಗಗಳೂ ಇವೆ. ಅಶೋಕನ ಎರಡನೆಯ ಬಂಡೆ ಶಾಸನದಲ್ಲಿ ಸಾಮಂತ ಎಂದರೆ ನೆರೆಯ ಅರಸ. ಅಧೀನ ಅರಸ ಎಂಬ ಅರ್ಥ ಬೆಳೆದದ್ದು ಶತಮಾನಗಳ ನಂತರ. ಆಕರದ ಪದವನ್ನು ಹೇಳುವಾಗ ಉಲ್ಲೇಖ ಚಿಹ್ನೆಯೊಳಗಿಟ್ಟು ಆ ಕಾಲದ ಅರ್ಥವನ್ನೇ ಕೊಡಬೇಕು. ಮೊಘಲರ ಜಹಗೀರನ್ನು ಯುರೋಪಿನ ಊಳಿಗದ ಭೂಮಿಗೆ ಸಮಾನವೆಂದು ಬರೆಯುವುದೂ ತಪ್ಪೇ, ಏಕೆಂದರೆ ಜಹಗೀರು ಎಂದರೆ ಕಂದಾಯ ವಸೂಲಿಯ ಹಕ್ಕು. ಅದು ಸಾಮಾನ್ಯವಾಗಿ ಕೆಲವು ವರ್ಷಗಳಿಗೊಮ್ಮೆ ಬೇರೆಡೆಗೆ ವರ್ಗವಾಗುತ್ತಿತ್ತು. ಅದಕ್ಕೆ ಅನುವಾದ ಬೇಡ, ಅದು ಆಗಲೇ ನಮ್ಮ ಪದ.

ಇನ್ನು ಕನ್ನಡದಲ್ಲಿ ನೆಲೆಯೂರದ ಪದಗಳು. ಬರ್ಟನ್ ಸ್ಟೈನ್ ದಕ್ಷಿಣ ಭಾರತದ ಮಧ್ಯಯುಗದ ರಾಜ್ಯವನ್ನು, ವಿಶೇಷವಾಗಿ ಚೋಳರದನ್ನು, ವಿವರಿಸಲು ಆಫ್ರಿಕದ ಸಮಾಜಗಳ ಅಧ್ಯಯನದಿಂದ ಸೆಗ್ಮೆಂಟರಿ ಎಂಬ ಪರಿಕಲ್ಪನೆಯನ್ನು ತಂದರು. ಇದನ್ನು ವಿಭಾಗೀಯ ರಾಜ್ಯ ಎಂದರೆ ಓದುವವರಿಗೆ ಬೆಳಗಾವಿ ವಿಭಾಗ, ಕಲಬುರಗಿ ವಿಭಾಗದಂಥ ಆಡಳಿತದ ಹಂಚಿಕೆ ನೆನಪಾಗುತ್ತದೆ. ಸ್ಟೈನ್ ಹೇಳಿದ್ದು ಅದಕ್ಕೆ ತದ್ವಿರುದ್ಧ: ಚೋಳ ಅರಸನ ನಿಜವಾದ ಆಡಳಿತ ಕೇಂದ್ರಭಾಗಕ್ಕೆ ಸೀಮಿತ, ಅದರಾಚೆಗೆ ಅವನದು ಧಾರ್ಮಿಕ ವಿಧಿಗಳ ಮೂಲಕ ಒಪ್ಪಿಕೊಂಡ ಪ್ರಭುತ್ವ ಮಾತ್ರ, ನಾಡುಗಳು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತಿದ್ದವು. ಸದ್ಯಕ್ಕೆ ಸೆಗ್ಮೆಂಟರಿ ರಾಜ್ಯ ಎಂದೇ ಬರೆದು, ಈ ಅರ್ಥವನ್ನು ಒಂದು ಸಾಲಿನಲ್ಲಿ ಬಿಡಿಸಿ, ಮುಂದಿನ ಪ್ಯಾರಾಕ್ಕೆ ಹೋಗುವುದು ಒಳ್ಳೆಯದು.