0.06 ಓಮ್ ಬಂದರೆ ಸಂತೋಷಪಡಬೇಡಿ

ಕಾರ್ಖಾನೆಯ ಅರ್ಥಿಂಗ್ ಪರೀಕ್ಷಾ ವರದಿ ಮೇಜಿಗೆ ಬಂದಾಗ ಬಹಳ ಜನ ನೋಡುವುದು ಒಂದೇ ಕಾಲಮ್ಮನ್ನು: ಎಷ್ಟು ಓಮ್? ಕಡಿಮೆ ಇದ್ದರೆ ಸಹಿ, ಹೆಚ್ಚಿದ್ದರೆ ಗುತ್ತಿಗೆದಾರನಿಗೆ ಫೋನ್. ಆದರೆ ಆ ಅಂಕಿ ಏನನ್ನು ಅಳೆದು ಬಂದದ್ದು ಎಂದು ಕೇಳದಿದ್ದರೆ, ಅತಿ ಒಳ್ಳೆಯ ಅಂಕಿಯೇ ಅತಿ ದೊಡ್ಡ ದೋಷವನ್ನು ಮುಚ್ಚಿಡಬಹುದು.

ಇದನ್ನು ಒಂದು ಮಾದರಿ ಕಟ್ಟಡದ ಮೂಲಕ ನೋಡೋಣ. ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು, ಆದರೆ ಇಂಥ ಕಟ್ಟಡಗಳಲ್ಲಿ ಬರುವಂಥವೇ. ಮಂಗಳೂರಿನ ಆಸುಪಾಸು, ಮುರಕಲ್ಲಿನ ಗುಡ್ಡ ತಟ್ಟು ಮಾಡಿ ಕಟ್ಟಿದ ಶೆಡ್. ಉದ್ದ 60 ಮೀಟರ್, ಅಗಲ 30. ಸಿಡಿಲು ರಕ್ಷಣೆಯ ಮಾನಕವಾದ ಐಎಸ್/ಐಇಸಿ 62305ರ ಮೂರನೇ ದರ್ಜೆಗೆ ವಿನ್ಯಾಸ ಮಾಡಿದ್ದಾರೆ. ಈ ದರ್ಜೆಯಲ್ಲಿ ಗೋಡೆಗುಂಟ ಸುಮಾರು 15 ಮೀಟರಿಗೆ ಒಂದು ಇಳಿತಂತಿ ಬೇಕು. ಸುತ್ತಳತೆ 180 ಮೀಟರ್ ಆದ್ದರಿಂದ ಒಟ್ಟು 12. ಛಾವಣಿಯಲ್ಲಿ ಅಲ್ಯುಮಿನಿಯಂ ಪಟ್ಟಿಯ ಜಾಲ, ಅಲ್ಲಿಂದ ಕೆಳಗಿಳಿಯುವ 12 ಪಟ್ಟಿಗಳು, ನೆಲದೊಳಗೆ ಕಟ್ಟಡವನ್ನು ಸುತ್ತುವರಿದ ಜಿಐ ಪಟ್ಟಿಯ ರಿಂಗ್. ಪ್ರತಿ ಇಳಿತಂತಿಯ ಬುಡದಲ್ಲಿ ಬಿಚ್ಚಿ ಅಳೆಯಲು ಒಂದು ಟೆಸ್ಟ್ ಲಿಂಕ್.

ಹಿಂದಿನ ವರ್ಷದ ವರದಿಯಲ್ಲಿ ಹನ್ನೊಂದು ಇಳಿತಂತಿಗಳ ಎದುರು 0.05ರಿಂದ 0.09 ಓಮ್ ಎಂದಿತ್ತು. ಏಳನೆಯದರ ಎದುರು 0.9. ಮಿತಿ 10 ಓಮ್. ಎಲ್ಲವೂ ಪಾಸ್.

ಅನುಮಾನ ಹುಟ್ಟಬೇಕಾದದ್ದು ಇಲ್ಲೇ. ಮಣ್ಣು ಲೋಹವಲ್ಲ. ಮೂರು ಮೀಟರ್ ಉದ್ದದ, 17 ಮಿಲಿಮೀಟರ್ ದಪ್ಪದ ಒಂದು ಸರಳನ್ನು ನೆಲಕ್ಕೆ ಹೊಡೆದರೆ ಅದರ ರೋಧ ಎಷ್ಟಿರುತ್ತದೆ ಎಂಬುದಕ್ಕೆ ಹಳೆಯ ಸೂತ್ರವೊಂದಿದೆ:

R = (ρ / 2πL) × [ln(8L/d) − 1]

ಇಲ್ಲಿ ρ ಎಂದರೆ ಮಣ್ಣಿನ ರೋಧಕತೆ, L ಸರಳಿನ ಉದ್ದ, d ಅದರ ವ್ಯಾಸ. ಒದ್ದೆ ಗದ್ದೆಯಂಥ, 100 ಓಮ್-ಮೀಟರ್ ರೋಧಕತೆಯ ಒಳ್ಳೆಯ ಮಣ್ಣಿನಲ್ಲೂ ಉತ್ತರ ಸುಮಾರು 33 ಓಮ್. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ರೋಧಕತೆ ಹಲವು ನೂರು ಓಮ್-ಮೀಟರ್. ಅದನ್ನು 800 ಎಂದುಕೊಂಡರೆ ಅದೇ ಸರಳು 260 ಓಮ್ ದಾಟುತ್ತದೆ. ಅಂಥ ನೆಲ 0.06 ಓಮ್ ಕೊಡುವುದು ಸಾಧ್ಯವೇ ಇಲ್ಲ. ಹಾಗಾದರೆ ಮೀಟರ್ ಸುಳ್ಳು ಹೇಳಿತೇ? ಇಲ್ಲ. ಅದು ಬೇರೇನನ್ನೋ ಅಳೆದಿತ್ತು.

ಬಳಸಿದ್ದು ಕ್ಲಾಂಪ್ ಮಾದರಿಯ ಅರ್ಥ್ ಟೆಸ್ಟರ್. ತಂತಿಯನ್ನು ಬಿಚ್ಚಬೇಕಿಲ್ಲ, ನೆಲಕ್ಕೆ ಗೂಟ ಹೊಡೆಯಬೇಕಿಲ್ಲ. ಮೀಟರಿನ ದವಡೆಯನ್ನು ತಂತಿಯ ಸುತ್ತ ಮುಚ್ಚಿದರೆ ಸಾಕು. ದವಡೆಯಲ್ಲಿರುವ ಒಂದು ಸುರುಳಿ ತಂತಿಯೊಳಗೆ ಸಣ್ಣ ವೋಲ್ಟೇಜನ್ನು ಪ್ರೇರಿಸುತ್ತದೆ, ಇನ್ನೊಂದು ಸುರುಳಿ ಅದರಿಂದ ಹರಿದ ಕರೆಂಟನ್ನು ಅಳೆಯುತ್ತದೆ. ಎರಡನ್ನೂ ಭಾಗಿಸಿದರೆ ಆ ಕರೆಂಟು ಸುತ್ತಿಬಂದ ಇಡೀ ದಾರಿಯ ರೋಧ ಸಿಗುತ್ತದೆ. ಒಂದು ಅರ್ಥ್ ಪಿಟ್‌ನಿಂದ ಮಣ್ಣಿಗಿಳಿದು, ಬೇರೆ ಹಲವು ಪಿಟ್‌ಗಳ ಮೂಲಕ ಮೇಲೆದ್ದು ಬರುವುದೇ ಆ ದಾರಿಯಾದರೆ, ಅಂಕಿಯ ಬಹುಪಾಲು ಮೊದಲ ಪಿಟ್‌ನದು. ಆಗ ಅಳತೆಗೆ ಅರ್ಥವಿದೆ.

ಆದರೆ ನಮ್ಮ ಶೆಡ್ಡಿನಲ್ಲಿ ಮೇಲೆ ಛಾವಣಿಯ ಜಾಲ, ಕೆಳಗೆ ನೆಲದೊಳಗಿನ ರಿಂಗ್. ಕರೆಂಟು ಮೂರನೇ ಇಳಿತಂತಿಯಲ್ಲಿ ಇಳಿದು, ರಿಂಗ್ ಹಿಡಿದು ಹೋಗಿ, ನಾಲ್ಕನೆಯದರಲ್ಲಿ ಹತ್ತಿ, ಛಾವಣಿಯಿಂದ ಮರಳಿ ಬಂತು. ಮಣ್ಣನ್ನು ಮುಟ್ಟಲೇ ಇಲ್ಲ. ಸುಮಾರು 50 ಮೀಟರ್ ಲೋಹದ ಪಟ್ಟಿ ಮತ್ತು ಅದರ ಬೋಲ್ಟು ಜೋಡಣೆಗಳ ರೋಧ ಲೆಕ್ಕ ಹಾಕಿದರೆ ಓಮಿನ ನೂರನೆಯ ಭಾಗಗಳಲ್ಲೇ ಬರುತ್ತದೆ. 0.06 ಆ ಲೋಹದ ಬಳೆಯ ರೋಧ, ಭೂಮಿಯದಲ್ಲ.

ಹಾಗೆಂದು ಆ ಅಳತೆ ಕಸವಲ್ಲ. ಪಟ್ಟಿ ಮೇಲಿಂದ ಕೆಳಗಿನವರೆಗೆ ತುಂಡಾಗದೆ ಇದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಹಾಗೆ ಓದಿದ್ದರೆ ಏಳನೆಯದರ 0.9 ಕಣ್ಣಿಗೆ ಬೀಳುತ್ತಿತ್ತು. ಮಣ್ಣಿನ ರೋಧ ಎಂದು ಓದಿದಾಗ 0.9 ಅತ್ಯುತ್ತಮ. ಲೋಹದ ರೋಧ ಎಂದು ಓದಿದಾಗ ಅಕ್ಕಪಕ್ಕದವಕ್ಕಿಂತ ಹತ್ತು ಹದಿನೈದು ಪಟ್ಟು ಹೆಚ್ಚು, ಅಂದರೆ ಎಲ್ಲೋ ಒಂದು ಜೋಡಣೆ ಕೆಡುತ್ತಿದೆ. ಮರುವರ್ಷ ಅದೇ ಜಾಗದಲ್ಲಿ ಮೀಟರ್ `OL` ತೋರಿಸಿತು. ದಾರಿ ಪೂರ್ತಿ ಕಡಿದಿದೆ ಎಂದರ್ಥ. ಬಣ್ಣ ಕೆರೆದು ನೋಡಿದರೆ ಕಾರಣ ಸಿಕ್ಕಿತು. ಹಿಂದೊಮ್ಮೆ ರಿಪೇರಿ ಮಾಡಿದವರು ಅಲ್ಯುಮಿನಿಯಂ ಪಟ್ಟಿಗೆ ತಾಮ್ರದ ತುಂಡನ್ನು ನೇರವಾಗಿ ಬೋಲ್ಟು ಮಾಡಿದ್ದರು. ಕಡಲ ಕಡೆಯ ಉಪ್ಪು ತೇವದಲ್ಲಿ ಈ ಎರಡು ಲೋಹಗಳು ತಾಗಿಕೊಂಡಿದ್ದರೆ ಅದು ಸಣ್ಣ ಬ್ಯಾಟರಿಯೇ ಆಗಿ ಅಲ್ಯುಮಿನಿಯಂ ಸವೆಯುತ್ತದೆ. ಬೋಲ್ಟಿನಡಿ ಬಿಳಿ ಪುಡಿಯಷ್ಟೇ ಉಳಿದಿತ್ತು. ಆ ಮೂಲೆಗೆ ಸಿಡಿಲು ಬಡಿದರೆ ಪಟ್ಟಿಯಲ್ಲಿ ಇಳಿದ ಕರೆಂಟು ಕಡಿದ ಜಾಗದಲ್ಲಿ ಹತ್ತಿರದ ಕಿಟಕಿಯ ಚೌಕಟ್ಟಿಗೋ ಕೇಬಲ್ ಟ್ರೇಗೋ ಹಾರುತ್ತದೆ.

ಇನ್ನು ನಿಜವಾದ ಮಣ್ಣಿನ ರೋಧ. ಅದಕ್ಕೆ ಗೂಟದ ವಿಧಾನವೇ ಬೇಕು. ಕಟ್ಟಡದಿಂದ ದೂರದಲ್ಲಿ ಒಂದು ಗೂಟ ಹೊಡೆದು ಅರ್ಥಿಂಗಿಗೂ ಅದಕ್ಕೂ ನಡುವೆ ಮಣ್ಣಿನ ಮೂಲಕ ಕರೆಂಟು ಹರಿಸುತ್ತಾರೆ. ನಡುವೆ ಇನ್ನೊಂದು ಗೂಟ ಹೊಡೆದು, ಅಲ್ಲಿಯವರೆಗಿನ ವೋಲ್ಟೇಜನ್ನು ಅಳೆಯುತ್ತಾರೆ. ನಡುವಿನ ಗೂಟ ಒಟ್ಟು ದೂರದ ಸುಮಾರು 62 ಶೇಕಡಾದಲ್ಲಿದ್ದರೆ ಸರಿಯಾದ ರೋಧ ಸಿಗುತ್ತದೆ. ಆದರೆ ಒಂದು ಷರತ್ತು: ಅರ್ಥಿಂಗ್ ಹರಡಿಕೊಂಡಷ್ಟೂ ಹೊರಗಿನ ಗೂಟ ದೂರ ಹೋಗಬೇಕು. ನಮ್ಮ ಶೆಡ್ಡಿನ ಕರ್ಣವೇ 67 ಮೀಟರ್. ಮೀಟರಿನ ಪೆಟ್ಟಿಗೆಯಲ್ಲಿ ಬರುವ ತಂತಿ ಸಾಲದು.

ಮೊದಲು 50 ಮೀಟರಿನಲ್ಲಿ ಗೂಟ ಹೊಡೆದು ಅಳೆದರು. ನಡುವಿನ ಗೂಟ 52, 62, 72 ಶೇಕಡಾದಲ್ಲಿದ್ದಾಗ ಅಂಕಿಗಳು 4.1, 6.8, 11.9. 62ರ ಅಂಕಿಯೊಂದನ್ನೇ ಬರೆದುಕೊಂಡಿದ್ದರೆ 6.8 ಓಮ್, ಪಾಸ್. ಆದರೆ ಗೂಟವನ್ನು ಐದು ಮೀಟರ್ ಆಚೀಚೆ ಸರಿಸಿದ್ದಕ್ಕೆ ಉತ್ತರ ಇಷ್ಟು ಬದಲಾದರೆ, ಆ ಜಾಗ ಇನ್ನೂ ಎರಡೂ ತುದಿಗಳ ಪ್ರಭಾವದಲ್ಲೇ ಇದೆ ಎಂದರ್ಥ. ಆಮೇಲೆ ರಸ್ತೆಬದಿಯಲ್ಲಿ 250 ಮೀಟರ್ ತಂತಿ ಎಳೆದರು. ಈಗ ಮೂರು ಅಂಕಿಗಳು 12.9, 13.4, 13.8. ಹತ್ತಿರ ಹತ್ತಿರ ಇವೆ, ನಂಬಬಹುದು. ರೋಧ 13.4 ಓಮ್, ಅಂದರೆ ಮಾನಕ ಶಿಫಾರಸು ಮಾಡುವ 10 ಓಮಿಗಿಂತ ಹೆಚ್ಚು. ಅಳೆದದ್ದು ಏಪ್ರಿಲಿನ ಒಣ ದಿನ, ಅದೂ ಸರಿಯೇ. ಜುಲೈಯಲ್ಲಿ ಅಳೆದರೆ ನೀರು ಕುಡಿದ ನೆಲ ಎಲ್ಲರನ್ನೂ ಪಾಸು ಮಾಡುತ್ತದೆ, ಆದರೆ ಕರಾವಳಿಯಲ್ಲಿ ಗುಡುಗು ಸಿಡಿಲು ಜೋರಾಗುವುದು ಮಳೆಗಾಲಕ್ಕೆ ಮೊದಲು ಮತ್ತು ಅದು ಮುಗಿಯುವ ಹೊತ್ತಿಗೆ.

ಈ ಅಳತೆಗೆ ಮುಂಚೆ, ಸಿಡಿಲಿನ ಅರ್ಥಿಂಗನ್ನು ವಿದ್ಯುತ್ ಅರ್ಥಿಂಗಿಗೆ ಜೋಡಿಸುವ ಲಿಂಕನ್ನು ಬಿಚ್ಚಿದ್ದರು. ಬಿಚ್ಚದಿದ್ದರೆ ಟ್ರಾನ್ಸ್‌ಫಾರ್ಮರಿನ ಪಿಟ್‌ಗಳೂ ಕೇಬಲ್ಲಿನ ಕವಚವೂ ಸೇರಿ ಅಳೆಯಲ್ಪಡುತ್ತವೆ. ಹಾಗೆ ಬಿಚ್ಚುವುದು ವಾರದ ರಜೆಯಂದು, ಸಪ್ಲೈ ಬಂದ್ ಮಾಡಿ, ಮೋಡವಿಲ್ಲದ ಹೊತ್ತಿನಲ್ಲಿ ಮಾತ್ರ. ಕೆಲಸ ಮುಗಿದ ಮೇಲೆ ಲಿಂಕ್ ಮತ್ತೆ ಬಿಗಿದದ್ದನ್ನೂ ವರದಿಯಲ್ಲಿ ಬರೆಯಬೇಕು.

ಈಗ ಒಂದು ಪ್ರಶ್ನೆ: 13.4 ಓಮನ್ನು 10ರೊಳಗೆ ತಂದರೆ ಕಟ್ಟಡ ಸುರಕ್ಷಿತವೇ? ಸಾಮಾನ್ಯ ಸಿಡಿಲಿನ ಮೊದಲ ಹೊಡೆತದಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಅದನ್ನು 10 ಓಮಿನಿಂದ ಗುಣಿಸಿದರೆ 3 ಲಕ್ಷ ವೋಲ್ಟ್. ರೋಧವನ್ನು 1 ಓಮಿಗೆ ಇಳಿಸಿದರೂ 30,000 ವೋಲ್ಟ್. ಅಂದರೆ ಕಟ್ಟಡದ ಅರ್ಥಿಂಗ್ ಆ ಕ್ಷಣಕ್ಕೆ ದೂರದ ನೆಲಕ್ಕಿಂತ ಮೇಲೇರಿಯೇ ಏರುತ್ತದೆ, ಅದನ್ನು ತಡೆಯಲಾಗದು. ಅಳಿವೆಯಲ್ಲಿ ಉಬ್ಬರ ಬಂದಾಗ ದೋಣಿಗಳೆಲ್ಲ ಒಟ್ಟಿಗೆ ಏರಿದರೆ ಯಾವುದಕ್ಕೂ ತೊಂದರೆಯಿಲ್ಲ, ದಡದ ಗೂಟಕ್ಕೆ ಬಿಗಿಯಾಗಿ ಕಟ್ಟಿದ ದೋಣಿಯ ಹಗ್ಗ ಮಾತ್ರ ಕಿತ್ತುಬರುತ್ತದೆ. ಹೊರಗಿನಿಂದ ಒಳಬರುವ ಪೈಪು, ಕೇಬಲ್ಲುಗಳು ಅಂಥ ಹಗ್ಗಗಳು.

ಆದ್ದರಿಂದಲೇ ವರದಿಯ ನಿಜವಾದ ತಿರುಳು ಬಾಂಡಿಂಗ್ ಪರೀಕ್ಷೆಯಲ್ಲಿದೆ. ಒಳಗಿನ ಲೋಹದ ವಸ್ತುಗಳೆಲ್ಲ ಮುಖ್ಯ ಅರ್ಥ್ ಬಾರಿಗೆ ಲೋಹದಿಂದಲೇ ಸೇರಿವೆಯೇ ಎಂದು ಇಲ್ಲಿ ನೋಡುತ್ತಾರೆ. ಯಂತ್ರಗಳೂ ಕಬ್ಬಿಣದ ಕಂಬಗಳೂ 0.2 ಓಮಿನೊಳಗಿದ್ದವು. ಹೊರಗಿನ ಟ್ಯಾಂಕಿನಿಂದ ಜನರೇಟರಿಗೆ ಬರುವ ಡೀಸೆಲ್ ಪೈಪಿನಲ್ಲಿ ಬಂದದ್ದು 3.2. ಅದಕ್ಕೆ ಬಾಂಡಿಂಗ್ ತಂತಿಯೇ ಇರಲಿಲ್ಲ, ಕ್ಲಾಂಪು ತುಕ್ಕುಗಳ ಮೂಲಕ ಅಷ್ಟು ಸಂಪರ್ಕ ತೋರುತ್ತಿತ್ತು. ಇನ್ನು ಕರೆಂಟಿನ ಕೇಬಲ್ಲನ್ನು ನೇರವಾಗಿ ಅರ್ಥಿಗೆ ಕಟ್ಟಲಾಗದು, ಅಲ್ಲಿ ಸರ್ಜ್ ತಡೆಯುವ ಸಾಧನ ಬೇಕು. ಸಿಡಿಲಿನ ಕ್ಷಣದಲ್ಲಿ ಮಾತ್ರ ದಾರಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುವುದು ಅದರ ಕೆಲಸ. ಇಲ್ಲಿ ಸಾಧನವಿತ್ತು, ಅದರ ಸೂಚಕ ಕಿಂಡಿ ಕೆಂಪಾಗಿತ್ತು. ಅಂದರೆ ಅದರ ಆಯುಷ್ಯ ಮುಗಿದಿತ್ತು.

ಹೀಗಾಗಿ ಸರಿಪಡಿಸುವ ಕೆಲಸಗಳ ಪಟ್ಟಿಯ ಅನುಕ್ರಮ ಸಾಮಾನ್ಯ ನಿರೀಕ್ಷೆಗೆ ತಿರುಗುಮುರುಗಾಯಿತು. ಅದೇ ವಾರ ಮಾಡಬೇಕಾದವು ಮೂರು: ಏಳನೇ ಇಳಿತಂತಿಗೆ ಎರಡು ಲೋಹಗಳನ್ನು ಸೇರಿಸಲೆಂದೇ ಮಾಡಿದ ಬೈಮೆಟಲ್ ಕನೆಕ್ಟರ್, ಡೀಸೆಲ್ ಪೈಪು ಒಳಬರುವ ಜಾಗದಲ್ಲೇ 16 ಚದರ ಮಿಲಿಮೀಟರ್ ತಾಮ್ರದ ಬಾಂಡಿಂಗ್, ಹೊಸ ಸರ್ಜ್ ಸಾಧನ. ಮೂರಕ್ಕೂ ಗುಂಡಿ ತೋಡಬೇಕಿಲ್ಲ.

ಓಮ್ ಇಳಿಸುವ ಕೆಲಸ ಆಮೇಲಿನದು. ಉಪ್ಪು, ಇದ್ದಿಲು ಸುರಿಯುವ ಹಳೆಯ ರೂಢಿ ಇಲ್ಲಿ ಹೆಚ್ಚು ಕಾಲ ಬಾಳದು. ಕರಾವಳಿಯ ಮಳೆ ಉಪ್ಪನ್ನು ತೊಳೆದೊಯ್ಯುತ್ತದೆ, ಉಳಿದ ಉಪ್ಪು ಅರ್ಥಿಂಗ್ ಪೈಪನ್ನೇ ತಿನ್ನುತ್ತದೆ. ಮುರಕಲ್ಲಿನ ಪದರದ ಕೆಳಗೆ ಈ ಭಾಗದವರಿಗೆ ಗೊತ್ತಿರುವ ಶೇಡಿ ಮಣ್ಣಿದೆ. ಬೇಸಿಗೆಯಲ್ಲೂ ತೇವ ಹಿಡಿದಿಡುವ ನುಣುಪು ಜೇಡಿ. ಅದನ್ನು ತಲುಪುವಂತೆ ನಾಲ್ಕು ಮೂಲೆಗಳಲ್ಲಿ 9 ಮೀಟರ್ ಆಳಕ್ಕೆ ಕೊರೆದು, ಸರಳಿಳಿಸಿ, ಸುತ್ತ ಬೆಂಟೊನೈಟ್ ತುಂಬಿ ರಿಂಗಿಗೆ ಬೆಸುಗೆ ಹಾಕುವುದೆಂದು ತೀರ್ಮಾನವಾಯಿತು. ಮುಂದಿನ ಒಣ ಋತುವಿನ ಮರುಪರೀಕ್ಷೆಯಲ್ಲಿ, ಅದೇ ದಿಕ್ಕಿಗೆ ಅದೇ 250 ಮೀಟರ್ ತಂತಿ ಎಳೆದಾಗ, 7.4 ಓಮ್ ಬಂತು.

ಹೊಸ ವರದಿಯ ನಮೂನೆಯಲ್ಲಿ ಈಗ ಓಮ್ ಕಾಲಮ್ಮಿನ ಪಕ್ಕ ಇನ್ನೂ ನಾಲ್ಕು ಕಾಲಮ್ಮುಗಳಿವೆ: ಯಾವ ವಿಧಾನ, ಗೂಟಗಳು ಎಷ್ಟು ದೂರ, ಲಿಂಕ್ ಬಿಚ್ಚಿತ್ತೇ, ಹಿಂದಿನ ವರ್ಷ ಎಷ್ಟಿತ್ತು. ಕೊನೆಯ ಕಾಲಮ್ಮೊಂದು ಮೊದಲೇ ಇದ್ದು ಯಾರಾದರೂ ಓದಿದ್ದರೆ, 0.06 ಎಂದಿದ್ದದ್ದು 0.9 ಆದ ವರ್ಷವೇ ಏಳನೇ ಇಳಿತಂತಿಯ ಬೋಲ್ಟು ಬಿಚ್ಚಿ ನೋಡುತ್ತಿದ್ದರು.